ಗೋತ್ರ, ನಕ್ಷತ್ರ, ಹೆಸರು: ಆಶೀರ್ವಾದಕ್ಕೂ ಒಂದು ವಿಳಾಸ

ಇಂಗ್ಲಿಷಿನಲ್ಲೇ ಮಾತು ಕಲಿತ ಮಗುವಿಗೆ ‘ಗಾಡ್ ಬ್ಲೆಸ್ ಯೂ’ ಅಂದರೆ ಯಾರಾದರೂ ಸೀನಿದಾಗ ಆಡುವ ಮಾತು. ಸೀನಿದವರು ಥ್ಯಾಂಕ್ಸ್ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮಲ್ಲೂ ಮಗು ಸೀನಿದರೆ ‘ಶತಾಯುಸ್ಸು’ ಅನ್ನುವ ಅಜ್ಜಿಯರಿದ್ದಾರೆ. ಆದರೆ ಆ ಮಗು ಬೇಸಿಗೆ ರಜೆಗೆ ಊರಿಗೆ ಬಂದ ಕೂಡಲೇ ಬೇರೊಂದು ಲೋಕ ಎದುರಾಗುತ್ತದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವುದರೊಳಗೆ ‘ತಾತನಿಗೆ ನಮಸ್ಕಾರ ಮಾಡು, ಆಶೀರ್ವಾದ ತಗೋ’ ಎಂದು ಅಮ್ಮ ಬೆನ್ನು ತಟ್ಟುತ್ತಾಳೆ. ಸಂಜೆ ದೇವಸ್ಥಾನಕ್ಕೆ ಹೋದರೆ ಅಪರಿಚಿತ ಅರ್ಚಕರು ತಟ್ಟೆ ಹಿಡಿದು ‘ಗೋತ್ರ? ನಕ್ಷತ್ರ?’ ಅನ್ನುತ್ತಾರೆ. ಮಗು ಅಪ್ಪನ ಮುಖ ನೋಡುತ್ತದೆ. ಅಪ್ಪ ಅಮ್ಮನ ಮುಖ ನೋಡುತ್ತಾನೆ. ಅಮ್ಮ ತವರಿಗೆ ಫೋನ್ ಮಾಡುತ್ತಾಳೆ.

ಈ ಗೊಂದಲ ನ್ಯೂಜೆರ್ಸಿಯ ಮಕ್ಕಳದ್ದಷ್ಟೇ ಎಂದುಕೊಳ್ಳಬೇಡಿ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರೂ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ನನ್ನ ತಂಗಿಯ ಮಗಳು, ಒಂಬತ್ತರ ಹುಡುಗಿ, ಕಳೆದ ರಜೆಯಲ್ಲಿ ಕೇಳಿದ್ದು ಇಷ್ಟು: ನಾನು ಯಾಕೆ ಬಗ್ಗಬೇಕು? ಬಗ್ಗಿದರೆ ನನಗೆ ಏನು ಸಿಗುತ್ತದೆ? ದೇವರಿಗೆ ಎಲ್ಲ ಗೊತ್ತು ಅನ್ನುತ್ತೀರಿ, ಹಾಗಿದ್ದರೆ ನನ್ನ ಹೆಸರನ್ನು ಪೂಜಾರಿ ಯಾಕೆ ಹೇಳಬೇಕು? ಮೂರೂ ಸರಿಯಾದ ಪ್ರಶ್ನೆಗಳೇ. ‘ದೊಡ್ಡವರು ಹೇಳಿದ್ದು ಕೇಳು, ಇಲ್ಲದಿದ್ದರೆ ದೇವರು ಕಣ್ಣು ಕೀಳುತ್ತಾನೆ’ ಎಂಬ ಹಳೆಯ ಉತ್ತರ ಈಗ ನಡೆಯುವುದಿಲ್ಲ. ನಡೆಯಬಾರದು ಕೂಡ. ಆಶೀರ್ವಾದ ಪಡೆಯಲು ಬಂದವರನ್ನು ಶಾಪದ ಮಾತಾಡಿ ಹೆದರಿಸುವುದು ಯಾವ ನ್ಯಾಯ?

ಮೊದಲು ಬಗ್ಗುವ ವಿಷಯ. ನಮ್ಮ ಪದ್ಧತಿಯಲ್ಲಿ ಆಶೀರ್ವಾದಕ್ಕೆ ಮೊದಲ ಹೆಜ್ಜೆ ಇಡಬೇಕಾದವರು ಕಿರಿಯರು. ಅವರು ಕೇಳಬೇಕು, ಹಿರಿಯರು ಕೊಡಬೇಕು. ಕೇಳುವ ರೀತಿಯೇ ನಮಸ್ಕಾರ. ಗಂಡುಮಕ್ಕಳು ಎದೆ, ಹಣೆ, ಕೈಕಾಲು ನೆಲಕ್ಕೆ ಮುಟ್ಟುವಂತೆ ಉದ್ದಕ್ಕೆ ಮಲಗುವುದು ಸಾಷ್ಟಾಂಗ. ಹೆಣ್ಣುಮಕ್ಕಳು ಮಂಡಿಯೂರಿ ಹಣೆ ನೆಲಕ್ಕೆ ತಾಗಿಸುವುದು ಪಂಚಾಂಗ ನಮಸ್ಕಾರ. ಅವಸರದಲ್ಲಿದ್ದರೆ, ಅಥವಾ ಜೀನ್ಸ್ ಬಿಗಿಯಾಗಿದ್ದರೆ, ಬಗ್ಗಿ ಪಾದ ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡರೂ ಸಾಕು. ಉಪನಯನವಾದ ಹುಡುಗರು ಹಳೆಯ ಕ್ರಮದಲ್ಲಿ ಕಿವಿ ಮುಟ್ಟಿಕೊಂಡು ಪ್ರವರ ಹೇಳಿ ನಮಸ್ಕರಿಸುತ್ತಾರೆ. ತಾನು ಯಾವ ಋಷಿಗಳ ಪರಂಪರೆಯವನು, ಯಾವ ಗೋತ್ರ, ಯಾವ ಸೂತ್ರ, ಯಾವ ವೇದಶಾಖೆ ಎಂದೆಲ್ಲ ಹೇಳಿ, ಕೊನೆಯಲ್ಲಿ ತನ್ನ ಹೆಸರು ಹೇಳುವುದು ಅದರ ಕ್ರಮ. ಮಗುವಿಗೆ ಇದನ್ನು ಸ್ವಯಂ ಪರಿಚಯ ಎಂದು ವಿವರಿಸಿದರೆ ತಕ್ಷಣ ಅರ್ಥವಾಗುತ್ತದೆ. ಶಾಲೆಯಲ್ಲಿ ಹೊಸ ಟೀಚರ್ ಮುಂದೆ ಎದ್ದು ನಿಂತು ಮಾಡುವುದೂ ಅದನ್ನೇ.

ಬಗ್ಗಿದವರಿಗೆ ಏನು ಸಿಗುತ್ತದೆ ಎಂಬುದಕ್ಕೆ ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಒಂದು ಉತ್ತರವಿದೆ. ಹಿರಿಯರಿಗೆ ವಂದಿಸುವ ಅಭ್ಯಾಸವಿದ್ದವನಿಗೆ ಆಯುಸ್ಸು, ವಿದ್ಯೆ, ಯಶಸ್ಸು, ಬಲ ಎಂಬ ನಾಲ್ಕು ಬೆಳೆಯುತ್ತವೆ ಎನ್ನುತ್ತದೆ ಅದು. ಆ ಗ್ರಂಥದ ಬೇರೆ ಮಾತುಗಳಿಗೆ ನನ್ನ ಸಹಮತವಿಲ್ಲ, ಅದು ಬೇರೆ ಚರ್ಚೆ. ಆದರೆ ನಮ್ಮ ಹಿರಿಯರ ಬಾಯಲ್ಲಿ ಬರುವ ಹರಕೆಗಳನ್ನು ಗಮನಿಸಿದರೆ ಅವು ಬಹುಪಾಲು ಈ ನಾಲ್ಕರ ಸುತ್ತಲೇ ಇರುತ್ತವೆ. ‘ದೀರ್ಘಾಯುಷ್ಮಾನ್ ಭವ’ ಆಯುಸ್ಸಿನದು. ‘ಚೆನ್ನಾಗಿ ಓದಿ ದೊಡ್ಡೋನಾಗು’ ವಿದ್ಯೆಯದು, ಯಶಸ್ಸಿನದು. ‘ನೂರ್ಕಾಲ ಗಟ್ಟಿಮುಟ್ಟಾಗಿರು’ ಬಲದ್ದು. ಸಂಸ್ಕೃತ ಬಾರದ ಅಜ್ಜಿಯ ಹತ್ತಿರ ಇನ್ನೂ ಸೊಗಸಾದವು ಇರುತ್ತವೆ. ಊಟ ಬಡಿಸಿದವರಿಗೆ, ಸಣ್ಣ ಸಹಾಯ ಮಾಡಿದವರಿಗೆ ಹಳೇ ಮೈಸೂರಿನ ಕಡೆ ‘ನಿನ್ ಹೊಟ್ಟೆ ತಣ್ಣಗಿರ್ಲಿ ಕಂದ’ ಅನ್ನುವುದುಂಟು. ಬಿಸಿಲ ನಾಡಿನವರಿಗೆ ತಂಪೇ ಸುಖ. ಇದನ್ನು ಹಿಮ ಬೀಳುವ ಊರಿನ ಮಗುವಿಗೆ ಪದಕ್ಕೆ ಪದ ಇಟ್ಟು ಹೇಳಿದರೆ ಅದು ಸ್ವೆಟರ್ ಹುಡುಕಲು ಹೊರಡುತ್ತದೆ. ಉರಿಬಿಸಿಲಲ್ಲಿ ಹೊಲದಿಂದ ಬಂದವರಿಗೆ ಒಂದು ಚೊಂಬು ಮಜ್ಜಿಗೆ ಏನು ಕೊಡುತ್ತದೋ ಅದು ನಿನಗೆ ಜೀವನವಿಡೀ ಸಿಗಲಿ ಅಂತ ಅಜ್ಜಿ ಹೇಳುತ್ತಿದ್ದಾಳೆ ಎಂದರೆ ಸಾಕು.

ಈ ಹರಕೆಗಳ ಜೊತೆ ಮಕ್ಕಳು ಬೆಚ್ಚುವ ಇನ್ನೊಂದು ಕ್ರಿಯೆ ಇದೆ. ಅಜ್ಜಿ ಎರಡೂ ಅಂಗೈಗಳನ್ನು ಮಗುವಿನ ಮುಖದ ಮೇಲಿಂದ ಇಳಿಸಿ, ಬೆರಳುಗಳನ್ನು ತನ್ನ ಕಪೋಲಕ್ಕೆ ಒತ್ತಿ ಪಟಪಟನೆ ನೆಟಿಗೆ ಮುರಿಯುತ್ತಾಳೆ. ಮಗುವಿನ ಮೇಲೆ ಬಿದ್ದಿರಬಹುದಾದ ಕಣ್ಣುದೃಷ್ಟಿಯನ್ನು ತನ್ನ ಮೇಲೆ ಎಳೆದುಕೊಂಡು ಮುರಿದುಹಾಕುವ ಅಭಿನಯ ಅದು. ನಂಬಿಕೆಯ ಮಾತು ಹಾಗಿರಲಿ, ಕೈ ಹೋಗುವ ದಿಕ್ಕನ್ನು ಮಾತ್ರ ಮಗುವಿಗೆ ತೋರಿಸಿ. ಮಗುವಿನಿಂದ ತೆಗೆದದ್ದನ್ನು ಅಜ್ಜಿ ಬೇರೆ ಎಲ್ಲೋ ಎಸೆಯುವುದಿಲ್ಲ, ತನ್ನ ತಲೆಗೇ ತಂದುಕೊಳ್ಳುತ್ತಾಳೆ.

ಇನ್ನು ಅಕ್ಷತೆ. ಹುಟ್ಟುಹಬ್ಬ, ಯುಗಾದಿ, ಮದುವೆ ಮನೆಗಳಲ್ಲಿ ಹಿರಿಯರ ಆಶೀರ್ವಾದ ತಲೆಯ ಮೇಲೆ ಬೀಳುವುದು ಅಕ್ಕಿಕಾಳಿನ ರೂಪದಲ್ಲಿ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಒಂದು ಹಿಡಿ ಅಕ್ಕಿಯನ್ನು ತಟ್ಟೆಗೆ ಹಾಕಿ, ಮುರಿದ ಕಾಳುಗಳನ್ನು ಆರಿಸಿ ತೆಗೆಯಲು ಹೇಳಿ. ಅಕ್ಷತೆಯಲ್ಲಿ ನುಚ್ಚು ಸಲ್ಲದು, ಇಡಿಯಾದ ಕಾಳೇ ಬೇಕು. ಅರ್ಧ ಚಮಚ ಅರಿಶಿನ, ಕೆಲವು ಹನಿ ತುಪ್ಪ ಅಥವಾ ನೀರು ಹಾಕಿ ಬೆರಳಲ್ಲಿ ಹಗುರವಾಗಿ ಕಲೆಸಿದರೆ ಹಳದಿ ಅಕ್ಷತೆ ಸಿದ್ಧ. ನೀರು ಹೆಚ್ಚಾದರೆ ಕಾಳು ಅಂಟಿಕೊಂಡು ಮುದ್ದೆಯಾಗುತ್ತದೆ, ಒದ್ದೆ ಡಬ್ಬಿಯಲ್ಲಿಟ್ಟರೆ ಬೂಸು ಹಿಡಿಯುತ್ತದೆ. ಕಲೆಸಿದ ಮೇಲೆ ನೆರಳಲ್ಲಿ ಆರಿಸಿಡುವುದು ಲೇಸು. ಮಠಗಳಲ್ಲಿ ಸ್ವಾಮಿಗಳು ಕೊಡುವ ಮಂತ್ರಾಕ್ಷತೆ ಕೆಲವೆಡೆ ಕೆಂಪಗಿರುತ್ತದೆ, ಅದಕ್ಕೆ ಬಣ್ಣದ ಪುಡಿ ಬೇಕಿಲ್ಲ. ಅರಿಶಿನಕ್ಕೆ ಚಿಟಿಕೆ ಸುಣ್ಣ ಸೇರಿದರೆ ಹಳದಿ ತಾನೇ ಕೆಂಪಾಗುತ್ತದೆ. ಸುಣ್ಣದ ಕ್ಷಾರ ಗುಣಕ್ಕೆ ಅರಿಶಿನದ ಬಣ್ಣ ಬದಲಾಗುವುದು ಶಾಲೆಯ ವಿಜ್ಞಾನ ಪುಸ್ತಕದಲ್ಲೂ ಬರುವ ಪ್ರಯೋಗ. ಮಗು ಕಣ್ಣರಳಿಸಿ ನೋಡುವುದು ಆಗಲೇ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ನನ್ನ ತಂಗಿಯ ಮಗಳಿಗೆ ಒಬ್ಬ ಅಣ್ಣನಿದ್ದಾನೆ. ಇಬ್ಬರೂ ಒಟ್ಟಿಗೆ ದೊಡ್ಡಜ್ಜಿಯೊಬ್ಬರಿಗೆ ನಮಸ್ಕರಿಸಿದರು. ಅವನಿಗೆ ‘ವಿದ್ಯಾವಂತನಾಗು, ಆಯುಷ್ಯವಂತನಾಗು’ ಎಂದು ಬಂತು. ಇವಳಿಗೆ ‘ಬೇಗ ಒಳ್ಳೆ ಗಂಡ ಸಿಗ್ಲಿ’ ಎಂದು ಬಂತು. ಅಮ್ಮ ತರ್ಜುಮೆ ಮಾಡಿದ್ದೇ ತಡ, ಹುಡುಗಿ ಮುಖ ಊದಿಸಿಕೊಂಡಳು. ಅವಳದು ತಪ್ಪಲ್ಲ. ಒಂಬತ್ತು ವರ್ಷದವಳಿಗೆ ಗಂಡನನ್ನು ಹರಸುವುದು ಬಾಲ್ಯವಿವಾಹದ ಕಾಲದ ಪಳೆಯುಳಿಕೆ, ಅದನ್ನು ಸಂಪ್ರದಾಯ ಎಂದು ಸಮರ್ಥಿಸಿಕೊಳ್ಳಬೇಕಾಗಿಲ್ಲ. ಸಂಸ್ಕೃತದಲ್ಲೇ ಬೇಕೆನ್ನುವವರಿಗೆ ‘ದೀರ್ಘಾಯುಷ್ಮತೀ ಭವ’, ‘ವಿದ್ಯಾವತೀ ಭವ’ ಎನ್ನಲು ಯಾವ ವ್ಯಾಕರಣವೂ ಅಡ್ಡಬರುವುದಿಲ್ಲ. ಮೊಮ್ಮಕ್ಕಳು ಬರುವ ಮುಂಚೆ ಮನೆಯ ಹಿರಿಯರ ಕಿವಿಗೆ ಇದನ್ನು ಮೆಲ್ಲಗೆ ಹಾಕಿಡುವುದು ತಂದೆತಾಯಿಯ ಕೆಲಸ. ಹೇಳಿದರೆ ಬಹಳ ಮಂದಿ ನಗುನಗುತ್ತಾ ಒಪ್ಪುತ್ತಾರೆ. ದೊಡ್ಡಜ್ಜಿಯೂ ಒಪ್ಪಿದರು. ‘ಸರಿ ಬಿಡವ್ವ, ನೀನೂ ಓದು. ಗಂಡ ಎಲ್ಲಿಗೆ ಹೋಗ್ತಾನೆ’ ಅಂದರು.

ಅಲ್ಲಿಗೆ ಹುಡುಗಿ ಸುಮ್ಮನಾಗಲಿಲ್ಲ. ‘ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ನಾನೇ ಗೆಲ್ಲಲಿ ಅಂತ ನಮ್ಮಜ್ಜಿ ಹೇಳಿದರು, ನನ್ನ ಫ್ರೆಂಡ್‌ಗೂ ಅವಳಜ್ಜಿ ಹಾಗೇ ಹೇಳಿದರೆ ಯಾರು ಗೆಲ್ಲುತ್ತಾರೆ?’ ಈ ಪ್ರಶ್ನೆಗೆ ಉತ್ತರ ಮಹಾಭಾರತದಲ್ಲಿದೆ. ಯುದ್ಧಕ್ಕೆ ಹೊರಟ ದುರ್ಯೋಧನ ತಾಯಿಯ ಬಳಿ ಜಯವಾಗಲಿ ಎಂದು ಹರಸಲು ಕೇಳಿದ. ಗಾಂಧಾರಿಗೆ ಮಗನ ಮೇಲೆ ಪ್ರೀತಿಯಿರಲಿಲ್ಲವೆ? ಇತ್ತು. ಆದರೂ ಅವಳು ‘ನೀನು ಗೆಲ್ಲು’ ಅನ್ನಲಿಲ್ಲ, ಧರ್ಮ ಎಲ್ಲಿದೆಯೋ ಜಯ ಅಲ್ಲಿರುತ್ತದೆ ಎಂದಷ್ಟೇ ಹೇಳಿದಳು. ಹರಸುವವರು ಬಾಯಿಗೆ ಬಂದದ್ದನ್ನೆಲ್ಲ ಕೊಟ್ಟುಬಿಡುವಂತಿಲ್ಲ ಎಂಬುದು ಆ ಕಥೆಯ ತಿರುಳು. ಆದ್ದರಿಂದ ತಿಳಿದ ಹಿರಿಯರು ಪರೀಕ್ಷೆಗೆ ಹೊರಟ ಮಗುವಿಗೆ ‘ಫಸ್ಟ್ ಬಾ’ ಅನ್ನುವುದಿಲ್ಲ. ‘ಒಳ್ಳೇದಾಗ್ಲಿ, ಚೆನ್ನಾಗಿ ಮಾಡು’ ಅನ್ನುತ್ತಾರೆ. ಇಬ್ಬರು ಅಜ್ಜಿಯರೂ ಇಬ್ಬರು ಮಕ್ಕಳಿಗೂ ಹಾಗೆ ಹೇಳಬಹುದು. ಎರಡೂ ಫಲಿಸಬಹುದು.

ಇದರ ಇನ್ನೊಂದು ಮಗ್ಗುಲು ಮಾರ್ಕಂಡೇಯನ ಕಥೆಯಲ್ಲಿದೆ. ಅಲ್ಪಾಯುಷಿಯಾಗಿ ಹುಟ್ಟಿದ ಆ ಹುಡುಗ ದಾರಿಯಲ್ಲಿ ಸಪ್ತರ್ಷಿಗಳಿಗೆ ನಮಸ್ಕರಿಸಿದ. ಅವರು ಅಭ್ಯಾಸಬಲದಿಂದ ದೀರ್ಘಾಯುಷ್ಯವನ್ನು ಹರಸಿಬಿಟ್ಟರು. ಆಮೇಲೆ ನೋಡಿದರೆ ಅವನಿಗೆ ಉಳಿದದ್ದು ಕೆಲವೇ ದಿನ. ತಮ್ಮ ಮಾತು ಸುಳ್ಳಾಗಬಾರದೆಂದು ಋಷಿಗಳೇ ಅವನನ್ನು ಬ್ರಹ್ಮನ ಬಳಿಗೆ ಕರೆದೊಯ್ದರು ಎಂದು ಪುರಾಣದ ಒಂದು ಪಾಠ ಹೇಳುತ್ತದೆ. ಶಿವಲಿಂಗವನ್ನು ತಬ್ಬಿಕೊಂಡ, ಯಮ ಪಾಶ ಎಸೆದ ಕಥೆ ಎಲ್ಲರಿಗೂ ಗೊತ್ತು. ಮಕ್ಕಳಿಗೆ ಹೇಳಲು ನನಗೆ ಈ ಪಾಠವೇ ಹೆಚ್ಚು ಇಷ್ಟ. ‘ಚೆನ್ನಾಗಿ ಓದು’ ಎಂದು ಹರಸಿದ ತಾತ ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಕೊಡಬೇಕಾಗುತ್ತದೆ. ಕೊಟ್ಟ ಮಾತಿಗೆ ಕೊಟ್ಟವರೂ ದುಡಿಯಬೇಕು.

ಮನೆಯಿಂದ ದೇವಸ್ಥಾನಕ್ಕೆ ಬಂದರೆ ಕ್ರಮ ಅದೇ, ಹಿಗ್ಗಿರುತ್ತದೆ ಅಷ್ಟೇ. ಇಲ್ಲಿ ನಡುವೆ ಅರ್ಚಕರಿದ್ದಾರೆ, ಅವರ ಕೈಯಲ್ಲಿ ನಿಮ್ಮ ತೆಂಗಿನಕಾಯಿ, ಬಾಳೆಹಣ್ಣು, ಹೂವಿನ ತಟ್ಟೆ ಇದೆ. ಅವರು ಹೆಸರು ಕೇಳುವುದು ಸಂಕಲ್ಪ ಹೇಳಲಿಕ್ಕೆ. ಮಕ್ಕಳಿಗೆ ಅರ್ಚನೆ ಅಂದರೆ ಗಡಿಬಿಡಿಯಲ್ಲಿ ಗುಣುಗುಟ್ಟುವ ಅರ್ಥವಾಗದ ಶಬ್ದ. ಅದರೊಳಗೆ ಏನಿದೆ ಎಂದು ಒಮ್ಮೆ ಬಿಡಿಸಿ ಹೇಳಿದರೆ ಅವರು ಮುಂದಿನ ಸಲ ಕಿವಿಗೊಟ್ಟು ಕಾಯುತ್ತಾರೆ. ಸಂಕಲ್ಪ ಒಂದು ಕಾಗದದ ಮೇಲೆ ಬರೆಯುವ ವಿಳಾಸದ ಹಾಗೆ, ಆದರೆ ತಲೆಕೆಳಗು. ನಾವು ಹೆಸರಿನಿಂದ ಶುರುಮಾಡಿ ದೇಶಕ್ಕೆ ಮುಗಿಸುತ್ತೇವೆ. ಸಂಕಲ್ಪ ಸೃಷ್ಟಿಯಿಂದ ಶುರುವಾಗಿ ನಿಮ್ಮ ಹೆಸರಿಗೆ ಬಂದು ನಿಲ್ಲುತ್ತದೆ.

ಮೊದಲು ಕಾಲ ಬರುತ್ತದೆ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ. ಆಮೇಲೆ ಜಾಗ: ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ. ಬೆಂಗಳೂರಿನಲ್ಲಿ ನಿಂತವರು ಗೋದಾವರಿಯ ದಕ್ಷಿಣಕ್ಕಿರುವುದು ನಿಜ ತಾನೆ, ನಕಾಶೆ ತೆರೆದು ಮಗುವಿಗೆ ತೋರಿಸಬಹುದು. ಮತ್ತೆ ಕಾಲ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ: ಶಾಲಿವಾಹನ ಶಕೆ, 60 ಹೆಸರುಗಳ ಚಕ್ರದಲ್ಲಿ ಈಗ ನಡೆಯುವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಕೊನೆಗೆ ಮನುಷ್ಯ: ಇಂಥ ಗೋತ್ರದಲ್ಲಿ, ಇಂಥ ನಕ್ಷತ್ರದಲ್ಲಿ, ಇಂಥ ರಾಶಿಯಲ್ಲಿ ಹುಟ್ಟಿದ ಇಂಥ ಹೆಸರಿನವರ, ಕುಟುಂಬ ಸಹಿತರಾದವರ, ಕ್ಷೇಮ, ಸ್ಥೈರ್ಯ, ಧೈರ್ಯ, ಆಯುರಾರೋಗ್ಯಗಳಿಗಾಗಿ ಈ ಪೂಜೆ. ಅಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ಇಳಿಯುತ್ತ ಇಳಿಯುತ್ತ ಬಂದು ಒಂಬತ್ತು ವರ್ಷದ ಹುಡುಗಿಯೊಬ್ಬಳ ಹೆಸರಿನ ಮೇಲೆ ಬೆರಳಿಟ್ಟು ನಿಲ್ಲುವುದನ್ನು ಕೇಳಿ ಅವಳಿಗೆ ರೋಮಾಂಚನವಾಗದೆ ಇರುತ್ತದೆಯೇ? ದೇವರಿಗೆ ಹೇಗೂ ಗೊತ್ತು ಎಂಬ ಅವಳ ತಕರಾರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ತಾನು ಯಾವ ಕಾಲದಲ್ಲಿ, ಯಾವ ನೆಲದ ಮೇಲೆ, ಯಾರ ಮಗಳಾಗಿ ನಿಂತಿದ್ದೇನೆ ಎಂಬುದು ಕೇಳುವವಳಿಗೇ ನೆನಪಾಗಲಿ ಎಂದು ಇದನ್ನು ಹೇಳುತ್ತಾರೆ.

ವಿದೇಶದ ದೇವಸ್ಥಾನದಲ್ಲಿ ಇದೇ ಸಂಕಲ್ಪ ಒಂದು ಕಡೆ ಬದಲಾಗುತ್ತದೆ. ಅಮೆರಿಕದಲ್ಲಿ ದಕ್ಷಿಣ ಭಾರತದ ಶೈಲಿಯ ದೊಡ್ಡ ದೇವಾಲಯಗಳು ತಲೆಯೆತ್ತಿದ್ದು 1970ರ ದಶಕದಲ್ಲಿ. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಾಲಯದ ಪ್ರತಿಷ್ಠೆ 1976ರಲ್ಲಿ, ನ್ಯೂಯಾರ್ಕಿನ ಫ್ಲಷಿಂಗ್‌ನ ಗಣೇಶ ದೇವಾಲಯದ್ದು 1977ರಲ್ಲಿ ಆಯಿತು. ಇಲ್ಲಿಂದ ಹೋದ ಪುರೋಹಿತರು ಅಲ್ಲಿ ನಿಂತು ‘ಗೋದಾವರಿಯ ದಕ್ಷಿಣ ತೀರ’ ಎನ್ನುವಂತಿಲ್ಲ, ಅದು ಸುಳ್ಳಾಗುತ್ತದೆ. ಹಾಗಾಗಿ ಉತ್ತರ ಅಮೆರಿಕದಲ್ಲಿ ‘ಕ್ರೌಂಚ ದ್ವೀಪೇ, ರಮಣಕ ವರ್ಷೇ, ಐಂದ್ರ ಖಂಡೇ’ ಎಂದು ಹೇಳುವ ರೂಢಿ ಬಂದಿದೆ. ಪುರಾಣಗಳ ಏಳು ದ್ವೀಪಗಳಲ್ಲಿ ಕ್ರೌಂಚವೂ ಒಂದು. ನಮ್ಮ ಋಷಿಗಳಿಗೆ ಅಮೆರಿಕ ಗೊತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ ಎಂದು ವಾಟ್ಸ್‌ಆ್ಯಪ್ ಪಂಡಿತರು ಹೇಳಬಹುದು, ಮಕ್ಕಳಿಗೆ ಅದನ್ನು ದಾಟಿಸಬೇಡಿ. ಹೊಸ ನೆಲಕ್ಕೆ ಹೋದವರು ಹಳೆಯ ಪಟ್ಟಿಯಿಂದ ಒಂದು ಹೆಸರು ಆರಿಸಿಕೊಂಡರು. ಅಲ್ಲೇ ಹುಟ್ಟಿದ ಮಗುವಿಗೆ ಇದರಲ್ಲಿ ಒಂದು ಸಮಾಧಾನವೂ ಇದೆ, ಅವಳ ಊರಿಗೂ ಸಂಕಲ್ಪದಲ್ಲಿ ಜಾಗ ಸಿಕ್ಕಿದೆ.

ವಿಳಾಸ ತಪ್ಪುವುದು ಹೆಚ್ಚಾಗಿ ನಕ್ಷತ್ರದಲ್ಲಿ. ಹುಟ್ಟಿದ ಗಳಿಗೆಯಲ್ಲಿ ಚಂದ್ರ ಆಕಾಶದ 27 ನಕ್ಷತ್ರ ಭಾಗಗಳಲ್ಲಿ ಯಾವುದರಲ್ಲಿದ್ದನೋ ಅದೇ ಜನ್ಮನಕ್ಷತ್ರ. ಒಂದೊಂದು ಭಾಗವನ್ನು ದಾಟಲು ಅವನಿಗೆ ಸುಮಾರು ಒಂದು ದಿನ ಬೇಕು. ಚಂದ್ರ ಒಬ್ಬನೇ ಆದ್ದರಿಂದ ಆ ಗಳಿಗೆಯಲ್ಲಿ ಮೈಸೂರಿಗೂ ನ್ಯೂಜೆರ್ಸಿಗೂ ನಕ್ಷತ್ರ ಒಂದೇ. ಬೇರೆಯಾಗುವುದು ಗಡಿಯಾರ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗವಾಗಲಿ ಇನ್ನಾವುದಾಗಲಿ, ಇಲ್ಲಿ ಅಚ್ಚಾದ ಪಂಚಾಂಗದಲ್ಲಿರುವುದು ಭಾರತದ ಸಮಯ. ಆಸ್ಪತ್ರೆಯ ಕಾಗದದಲ್ಲಿರುವುದು ಅಮೆರಿಕದ ಸಮಯ. ಅದನ್ನು ಬದಲಿಸದೆ ನೇರವಾಗಿ ಪಂಚಾಂಗ ನೋಡಿದರೆ ಎಡವಟ್ಟಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಮಗು ಜುಲೈ ತಿಂಗಳ ಒಂದು ಮಂಗಳವಾರ ರಾತ್ರಿ 9.15ಕ್ಕೆ ನ್ಯೂಜೆರ್ಸಿಯಲ್ಲಿ ಹುಟ್ಟಿತು ಎಂದುಕೊಳ್ಳಿ. ಮಂಗಳವಾರದ ಸಾಲಿನಲ್ಲಿ ಪಂಚಾಂಗ ‘ರೋಹಿಣಿ, ರಾತ್ರಿ 1.10ರವರೆಗೆ’ ಅನ್ನುತ್ತದೆ ಎಂದೂ ಇಟ್ಟುಕೊಳ್ಳಿ. ಇಲ್ಲಿರುವ ಅಜ್ಜ 9.15 ಎಂದು ಕೇಳಿ, ಕನ್ನಡಕ ಹಾಕಿಕೊಂಡು ರೋಹಿಣಿ ಎಂದು ಬರೆದಿಡುತ್ತಾರೆ. ಆದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಗಿಂತ ಭಾರತ ಒಂಬತ್ತೂವರೆ ಗಂಟೆ ಮುಂದಿರುತ್ತದೆ. ಮಗು ಹುಟ್ಟಿದಾಗ ಇಲ್ಲಿ ಬುಧವಾರ ಬೆಳಗ್ಗೆ 6.45. ರೋಹಿಣಿ ಮುಗಿದು ಐದೂವರೆ ಗಂಟೆ ಕಳೆದಿದೆ, ಮಗುವಿನ ನಕ್ಷತ್ರ ಮೃಗಶಿರ. ಚಳಿಗಾಲದಲ್ಲಾದರೆ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ ವ್ಯತ್ಯಾಸ ಹತ್ತೂವರೆ ಗಂಟೆ. ಲಂಡನ್ನಿನಲ್ಲಿ ಹುಟ್ಟಿದ್ದರೆ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ಇಷ್ಟು ಕೂಡಿಸಿಕೊಂಡು ನೋಡಿದರೆ ತಪ್ಪಾಗುವುದಿಲ್ಲ. ಪಂಚಾಂಗಕ್ಕೆ ದಿನ ಶುರುವಾಗುವುದು ಸೂರ್ಯೋದಯಕ್ಕೆ ಎಂಬುದೂ ನೆನಪಿರಲಿ. ನಡುರಾತ್ರಿ ಕಳೆದ ಮೇಲಿನ ಸಮಯವೂ ಹಿಂದಿನ ವಾರದ ಸಾಲಿನಲ್ಲೇ ಇರುತ್ತದೆ.

ರಾಶಿಯಲ್ಲೂ ಒಂದು ಗೊಂದಲವಿದೆ. ಮಕ್ಕಳು ಇಂಗ್ಲಿಷ್ ಪತ್ರಿಕೆ ನೋಡಿ ‘ನಾನು ಲಿಯೋ’ ಎಂದು ಹೇಳಿಬಿಡುತ್ತಾರೆ. ಅದು ಹುಟ್ಟಿದ ತಿಂಗಳಿನ ಸೂರ್ಯನನ್ನು ನೋಡಿ ಹೇಳುವುದು. ಅರ್ಚಕರಿಗೆ ಬೇಕಾದದ್ದು ಚಂದ್ರನಿದ್ದ ರಾಶಿ. ನಕ್ಷತ್ರ ಗೊತ್ತಿದ್ದರೆ ರಾಶಿ ಅದರ ಹಿಂದೆಯೇ ಬರುತ್ತದೆ, ಏಕೆಂದರೆ ಒಂದೊಂದು ರಾಶಿಗೆ ಎರಡೂಕಾಲು ನಕ್ಷತ್ರ. ರೋಹಿಣಿ ಪೂರ್ತಿ ವೃಷಭದಲ್ಲಿದೆ. ಮೃಗಶಿರದ ಮೊದಲ ಎರಡು ಪಾದ ವೃಷಭ, ಉಳಿದೆರಡು ಮಿಥುನ. ಯಾರಾದರೂ ‘ರೋಹಿಣಿ ನಕ್ಷತ್ರ, ಸಿಂಹ ರಾಶಿ’ ಎಂದರೆ ಅನುಭವಿ ಅರ್ಚಕರು ತಲೆಯೆತ್ತಿ ನೋಡುತ್ತಾರೆ, ಮೆಲ್ಲಗೆ ವೃಷಭ ಎಂದು ತಿದ್ದಿಕೊಂಡು ಮುಂದುವರಿಯುತ್ತಾರೆ.

ಗೋತ್ರ ಎಲ್ಲ ಮನೆಗಳಲ್ಲೂ ಇರುವುದಿಲ್ಲ. ನಾಡಿನ ಎಷ್ಟೋ ಸಮುದಾಯಗಳಲ್ಲಿ ಕುಲ, ಬೆಡಗು, ಬಳಿಗಳಿವೆ, ಋಷಿಗೋತ್ರವಿಲ್ಲ. ಅಂಥವರು ಸಂಕೋಚಪಡಬೇಕಾದ್ದು ಏನೂ ಇಲ್ಲ. ‘ಶಿವಗೋತ್ರ’, ‘ವಿಷ್ಣುಗೋತ್ರ’ ಎಂದು ಹೇಳಿ ಅರ್ಚನೆ ಮಾಡುವುದು ದೇವಸ್ಥಾನಗಳಲ್ಲಿ ದಿನನಿತ್ಯದ ರೂಢಿ. ನಕ್ಷತ್ರವೂ ತಿಳಿಯದಿದ್ದರೆ ಹೆಸರೊಂದನ್ನೇ ಹೇಳಿ ‘ದೇವರ ಹೆಸರಲ್ಲಿ ಮಾಡಿ’ ಎಂದರೂ ಪೂಜೆ ನಡೆಯುತ್ತದೆ. ಅಮೆರಿಕದಲ್ಲಿ ಹುಟ್ಟಿ ಬೇರೆ ಧರ್ಮದ ತಂದೆ ಅಥವಾ ತಾಯಿ ಇರುವ ಮಕ್ಕಳಿಗೂ ಇದು ಸರಿಹೋಗುತ್ತದೆ.

ಮಂಗಳಾರತಿಯ ನಂತರ ಮಗುವಿನ ಕೈಗೆ, ತಲೆಗೆ ಏನೇನೋ ಬರತೊಡಗುತ್ತದೆ. ತೀರ್ಥಕ್ಕೆ ಬಲಗೈ ಮುಂದೆ ಮಾಡಿ, ಕೆಳಗೆ ಎಡಗೈ ಆಸರೆ ಕೊಟ್ಟು, ಅಂಗೈಯನ್ನು ಕುಳಿ ಮಾಡಬೇಕು. ಅರ್ಚಕರು ಉದ್ಧರಣೆಯಲ್ಲಿ ಹಾಕಿದ ನೀರನ್ನು ಸದ್ದಿಲ್ಲದೆ ಹೀರಬೇಕು. ವಿಷ್ಣು ದೇವಸ್ಥಾನದ ತೀರ್ಥಕ್ಕೆ ತುಳಸಿ, ಏಲಕ್ಕಿ, ಪಚ್ಚಕರ್ಪೂರದ ಘಮವಿರುತ್ತದೆ. ಅಕಾಲ ಮರಣ ದೂರವಾಗಲಿ, ರೋಗ ಬಾರದಿರಲಿ ಎಂಬುದು ಅದನ್ನು ಕೊಡುವಾಗ ಹೇಳುವ ಮಾತಿನ ಅರ್ಥ. ಇಲ್ಲಿ ಪೋಷಕರಿಗೊಂದು ಎಚ್ಚರಿಕೆ: ಮಕ್ಕಳು ಮನೆಯಲ್ಲಿ ದೇವರಾಟ ಆಡುತ್ತಾ ಆರತಿಯ ಕರ್ಪೂರದ ಬಿಲ್ಲೆಯನ್ನು ನೀರಿಗೆ ಹಾಕಿ ‘ತೀರ್ಥ’ ಮಾಡಬಾರದು. ಅದು ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ವಿಷ, ಫಿಟ್ಸ್ ಬರಬಹುದು. ಡಬ್ಬಿ ಕೈಗೆಟುಕದ ಕಡೆ ಇರಲಿ.

ಶಿವನ ಗುಡಿಯಲ್ಲಿ ವಿಭೂತಿ, ಬಿಲ್ವ, ಅಮ್ಮನವರ ಗುಡಿಯಲ್ಲಿ ಕುಂಕುಮ ಸಿಗುತ್ತದೆ. ಮೇಲುಕೋಟೆಯ ಚೆಲುವನಾರಾಯಣನಂಥ ವೈಷ್ಣವ ಸನ್ನಿಧಿಯಲ್ಲಿ ತಲೆಯ ಮೇಲೆ ಕಿರೀಟದಂಥದೊಂದನ್ನು ಕ್ಷಣ ಇಟ್ಟು ತೆಗೆಯುತ್ತಾರೆ. ಮಕ್ಕಳು ಅದನ್ನು ಗಂಟೆ ಎಂದುಕೊಳ್ಳುತ್ತಾರೆ, ಕೆಲವರು ತಮಗೆ ರಾಜನ ಪಟ್ಟ ಕಟ್ಟಿದರು ಎಂದೂ ಹಿಗ್ಗುತ್ತಾರೆ. ಅದು ಶಠಾರಿ. ಆಳ್ವಾರರಲ್ಲಿ ಪ್ರಮುಖರಾದ ನಮ್ಮಾಳ್ವಾರರ ಇನ್ನೊಂದು ಹೆಸರು ಶಠಕೋಪ, ಆ ಹೆಸರೇ ಇದಕ್ಕೂ ಬಂದಿದೆ. ಅದರ ನೆತ್ತಿಯ ಮೇಲೆ ಕಣ್ಣು ಹಾಯಿಸಲು ಮಗುವಿಗೆ ಹೇಳಿ, ಎರಡು ಪುಟ್ಟ ಪಾದಗಳು ಕಾಣುತ್ತವೆ. ವಿಷ್ಣುವಿನ ಪಾದ. ಬೆಳಗ್ಗೆ ತಾತನ ಪಾದದತ್ತ ತನ್ನ ತಲೆ ಹೋದದ್ದನ್ನೂ, ಸಂಜೆ ದೇವರ ಪಾದ ತನ್ನ ತಲೆಯವರೆಗೆ ಬಂದದ್ದನ್ನೂ ಸೇರಿಸಿ ನೋಡಿದ ಹುಡುಗಿ ‘ಓ, ಎರಡೂ ಒಂದೇ!’ ಅಂದಳು. ಆಗ ತಲೆ ತಗ್ಗಿಸಿ ನಿಂತರೆ ಸಾಕು, ಕೈಯಿಂದ ಅದನ್ನು ಹಿಡಿಯಲು ಹೋಗಬಾರದು ಎಂದು ಮೊದಲೇ ಹೇಳಿಡಿ.

ಬಗ್ಗಲು ಇಷ್ಟವಿಲ್ಲದ ಮಗುವನ್ನು ಏನು ಮಾಡುವುದು? ಏನೂ ಮಾಡಬೇಕಾಗಿಲ್ಲ. ಕುತ್ತಿಗೆ ಹಿಡಿದು ಬಗ್ಗಿಸಿದ್ದು ನಮಸ್ಕಾರವಾಗುವುದಿಲ್ಲ, ಹಾಗೆ ಬಗ್ಗಿಸುವುದನ್ನು ನೋಡಿದ ಹಿರಿಯರಿಗೂ ಮುಜುಗರ. ಕೈಮುಗಿದು ನಿಂತರೂ ಹರಸುವವರು ಹರಸುತ್ತಾರೆ. ಹರಸಿ ಕೈಗೆ ಐವತ್ತೊಂದೋ ನೂರಾ ಒಂದೋ ರೂಪಾಯಿ ಇಟ್ಟರೆ ಮುಂದಿನ ಮನೆಯಲ್ಲಿ ಮಗು ತಾನಾಗಿಯೇ ಸಾಷ್ಟಾಂಗ ಬೀಳುವುದನ್ನೂ ಕಂಡಿದ್ದೇನೆ. ಅದಕ್ಕೆ ಬೇಸರಪಡಬೇಡಿ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಹುಟ್ಟಿದ ಸಮಯವನ್ನು ಭಾರತದ ಸಮಯಕ್ಕೆ ತಿರುಗಿಸಿ, ನಕ್ಷತ್ರ ಮತ್ತು ರಾಶಿಯನ್ನು ಪಂಚಾಂಗದಲ್ಲಿ ಸರಿಯಾಗಿ ನೋಡಿ, ಗೋತ್ರವಿದ್ದರೆ ಅದನ್ನೂ ಸೇರಿಸಿ ಮಗುವಿಗೆ ಬಾಯಿಪಾಠ ಮಾಡಿಸಿ. ಅರ್ಚಕರು ತಟ್ಟೆ ಹಿಡಿದು ‘ಯಾರ ಹೆಸರಲ್ಲಿ?’ ಎಂದು ಕೇಳಿದಾಗ ನೀವು ನಡುವೆ ಬಾಯಿ ಹಾಕಬೇಡಿ. ಉಚ್ಚಾರ ತಪ್ಪಿದರೂ ಚಿಂತೆಯಿಲ್ಲ, ಮಗುವೇ ಹೇಳಲಿ.